ಅರ್ಧ ತುಂಬಿದ ಟ್ಯಾಂಕ್, ಸ್ಕ್ರೀನ್ ಮೇಲೆ 1 ಸೆಂಟಿಮೀಟರ್: ಪಿಎಲ್‌ಸಿಯಲ್ಲಿ ಡೇಟಾ ಟೈಪ್ ತಪ್ಪುಗಳು

ಒಂದು ನೀರಿನ ಟ್ಯಾಂಕ್ ತೆಗೆದುಕೊಳ್ಳೋಣ. 5 ಮೀಟರ್ ಎತ್ತರ. ಅದಕ್ಕೆ 4-20 ಮಿಲಿಆಂಪ್ ಕೊಡುವ ಒಂದು ಲೆವೆಲ್ ಟ್ರಾನ್ಸ್‌ಮಿಟರ್ ಇದೆ. ನೀರು ಬರುವ ಪೈಪಿಗೆ ಒಂದು ಫ್ಲೋ ಮೀಟರ್. ಪಂಪ್ ಪ್ಯಾನೆಲ್‌ನಲ್ಲಿ ಒಂದು ಎನರ್ಜಿ ಮೀಟರ್ ಇದೆ, ಅದು ಮಾಡ್‌ಬಸ್ ಕೇಬಲ್ ಮೂಲಕ ಇದನ್ನೆಲ್ಲ ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಗೆ ಸೇರಿದೆ. ಪಿಎಲ್‌ಸಿ ಸೀಮೆನ್ಸ್‌ನ ಎಸ್7-1200, ಪ್ರೋಗ್ರಾಮ್ ಟಿಐಎ ಪೋರ್ಟಲ್‌ನಲ್ಲಿ. ಇಲ್ಲಿ ಕೂತಿರುವ ಬಹಳ ಜನ ಇಂಥ ಪ್ಯಾನೆಲ್‌ಗಳಿಗೆ ಕೈಯಾರೆ ವೈರಿಂಗ್ ಮಾಡಿದ್ದೀರಿ. ಹಾಗಾಗಿ ಇವತ್ತು ಡೇಟಾ ಟೈಪ್‌ಗಳ ಪಟ್ಟಿ ಓದುವುದು ಬೇಡ. ಈ ಮೂರು ಸಿಗ್ನಲ್‌ಗಳನ್ನು ಹಿಡಿದುಕೊಂಡು ಒಂದೊಂದಾಗಿ ನೋಡೋಣ. ಅವು ಕಾರ್ಡ್‌ನಿಂದ ಹೊರಟು ಸ್ಕ್ರೀನ್ ತಲುಪುವ ಹೊತ್ತಿಗೆ ಎಲ್ಲೆಲ್ಲಿ ಕೆಡುತ್ತವೆ, ಕೆಟ್ಟಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ, ಅದೇ ಇವತ್ತಿನ ವಿಷಯ.

ಬೂಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬೂಲ್ ಅಂದರೆ ಒಂದು ಬಿಟ್. ಪಂಪ್ ಓಡುತ್ತಿದೆ, ಇಲ್ಲ. ಅದರಲ್ಲಿ ಓವರ್‌ಫ್ಲೋ, ಅಂದರೆ ಸಂಖ್ಯೆ ತನ್ನ ಜಾಗ ಮೀರಿ ಉಕ್ಕುವುದು, ಆಗುವುದಕ್ಕೆ ಅವಕಾಶವೇ ಇಲ್ಲ. ತಪ್ಪಾಗುವುದು 16 ಬಿಟ್‌ನ ಒಂದು ವರ್ಡ್ ಒಳಗಿಂದ ಬಿಟ್ ಬಿಡಿಸುವಾಗ. ಮೋಟರ್ ವೇಗ ಬದಲಾಯಿಸುವ ವಿಎಫ್‌ಡಿಯಿಂದ ಬರುವ ಸ್ಟೇಟಸ್ ವರ್ಡ್ ಅನ್ನು ನೀವು `MW10`ಕ್ಕೆ ಹಾಕಿದ್ದೀರಿ ಅಂದುಕೊಳ್ಳಿ. ಮ್ಯಾನ್ಯುಯಲ್‌ನಲ್ಲಿ "ಬಿಟ್ 0: ರೆಡಿ" ಅಂತ ಇದೆ. ತುಂಬಾ ಜನ ನೇರವಾಗಿ `M10.0` ನೋಡುತ್ತಾರೆ. ಸೀಮೆನ್ಸ್‌ನಲ್ಲಿ ವರ್ಡ್‌ನ ದೊಡ್ಡ ಬೈಟ್ ಮೊದಲು ಕೂರುತ್ತದೆ, ಚಿಕ್ಕದು ಆಮೇಲೆ. ಹಾಗಾಗಿ ಬಿಟ್ 0 ಇರುವುದು `M11.0`ನಲ್ಲಿ. `M10.0` ಅನ್ನುವುದು ನಿಜವಾಗಿ ಬಿಟ್ 8. ಇದನ್ನು ತಲೆಯಲ್ಲಿ ಇಟ್ಟುಕೊಳ್ಳುವ ಕಷ್ಟ ಬೇಡ ಅಂದರೆ ಟ್ಯಾಗ್ ಹೆಸರಿನ ಕೊನೆಗೆ `.%X0` ಅಂತ ಬರೆಯಿರಿ. ಯಾವ ಬೈಟ್ ಎಲ್ಲಿದೆ ಅನ್ನುವುದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ.

ಈಗ ಲೆವೆಲ್ ಸಿಗ್ನಲ್‌ಗೆ ಬರೋಣ. ಅನಲಾಗ್ ಕಾರ್ಡ್ ಮಿಲಿಆಂಪ್ ಅನ್ನು ಒಂದು ಸಂಖ್ಯೆ ಮಾಡಿ ಕೊಡುತ್ತದೆ. 4 ಮಿಲಿಆಂಪ್‌ಗೆ 0, 20 ಮಿಲಿಆಂಪ್‌ಗೆ 27,648. ಈ ಸಂಖ್ಯೆ ಇಂಟ್ ಆಗಿ ಬರುತ್ತದೆ. ಇಂಟ್ ಅಂದರೆ 16 ಬಿಟ್. ಅದರಲ್ಲಿ ಹಿಡಿಯುವುದು -32,768ರಿಂದ 32,767ರವರೆಗೆ. 27,648 ಯಾಕೆ, 32,767ರವರೆಗೂ ಬಳಸಬಹುದಿತ್ತಲ್ಲ ಅಂತ ಕೇಳಬಹುದು. ಮೇಲೆ ಸ್ವಲ್ಪ ಜಾಗ ಬೇಕು. ಸಿಗ್ನಲ್ 20 ಮಿಲಿಆಂಪ್ ದಾಟಿ ಸ್ವಲ್ಪ ಮೇಲೆ ಹೋದರೂ ಕಾರ್ಡ್ ಅದನ್ನು ಓದಿ 32,511ರವರೆಗೆ ತೋರಿಸುತ್ತದೆ. ಅದಕ್ಕೂ ಮೇಲಿನ 32,767 ಒಂದು ವಿಶೇಷ ಸಂಖ್ಯೆ, ಅದರ ಮಾತು ಆಮೇಲೆ.

ಈಗ ಸೆಂಟಿಮೀಟರ್ ಬೇಕು. ಶಾಲೆಯಲ್ಲಿ ಕಲಿತ ಲೆಕ್ಕವೇ ಸಾಕು. ಕಾರ್ಡ್ ಕೊಟ್ಟ ಸಂಖ್ಯೆಯನ್ನು 500ರಿಂದ ಗುಣಿಸಿ, 27,648ರಿಂದ ಭಾಗಿಸಿದರೆ ಆಯ್ತು.

```
#Level := #Raw * #Height / #Full;
```

ನಾಲ್ಕೂ ಟ್ಯಾಗ್ ಇಂಟ್. ಕಂಪೈಲ್ ಆಗುತ್ತದೆ. ಒಂದು ಎಚ್ಚರಿಕೆಯೂ ಬರುವುದಿಲ್ಲ. ಟ್ಯಾಂಕ್ ಸರಿಯಾಗಿ ಅರ್ಧ ತುಂಬಿದೆ, ಅಂದರೆ ಕಾರ್ಡ್ 13,824 ಕೊಡುತ್ತಿದೆ ಅನ್ನೋಣ. ಸ್ಕ್ರೀನ್ ಮೇಲೆ 250 ಬರಬೇಕು. ಬರುವುದು 1.

ಏನಾಯ್ತು? 13,824 × 500 ಅಂದರೆ 69,12,000. ಎರಡು ಇಂಟ್ ಗುಣಿಸಿದರೆ ಉತ್ತರವನ್ನೂ ಇಂಟ್‌ನಲ್ಲೇ ಇಡಬೇಕು ಅನ್ನುವುದು ಇಲ್ಲಿನ ನಿಯಮ. 69 ಲಕ್ಷ 16 ಬಿಟ್‌ನಲ್ಲಿ ಹಿಡಿಯುವುದಿಲ್ಲ. ಪಿಎಲ್‌ಸಿ ಏನು ಮಾಡುತ್ತದೆ ಅಂದರೆ, ಕೆಳಗಿನ 16 ಬಿಟ್ ಇಟ್ಟುಕೊಂಡು ಮೇಲಿನದ್ದನ್ನು ಬಿಟ್ಟುಬಿಡುತ್ತದೆ. ಹಳೇ ಬೈಕಿನ ಕಿಲೋಮೀಟರ್ ಮೀಟರ್ 99,999 ದಾಟಿ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತಲ್ಲ, ಹಾಗೆ. ಇಲ್ಲಿ ಪ್ರತಿ 65,536ಕ್ಕೆ ಒಂದು ಸುತ್ತು. 69,12,000ದಲ್ಲಿ 105 ಸುತ್ತು ಹೋಗಿ ಉಳಿಯುವುದು 30,720. ಅದನ್ನು 27,648ರಿಂದ ಭಾಗಿಸಿದರೆ 1. ಇಂಟ್ ಭಾಗಾಕಾರದಲ್ಲಿ ದಶಮಾಂಶ ಇಲ್ಲ, ಉಳಿದದ್ದು ಹೋಯ್ತು.

ಟ್ಯಾಂಕ್ ಪೂರ್ತಿ ತುಂಬಿದರೆ? 27,648 × 500 ಅಂದರೆ 1,38,24,000. ಸುತ್ತು ತೆಗೆದರೆ 61,440 ಉಳಿಯುತ್ತದೆ. ಇದು 32,767ಕ್ಕಿಂತ ಜಾಸ್ತಿ, ಹಾಗಾಗಿ ಮೇಲಿನ ಬಿಟ್ ಮೈನಸ್ ಗುರುತಾಗಿ -4,096 ಅಂತ ಓದಿಸಿಕೊಳ್ಳುತ್ತದೆ. 27,648ರಿಂದ ಭಾಗಿಸಿದರೆ 0. ತುಂಬಿದ ಟ್ಯಾಂಕ್, ಲೆವೆಲ್ 0. ಲೆವೆಲ್ ಕಡಿಮೆ ಇದೆ ಅಂತ ಪ್ರೋಗ್ರಾಮ್ ಪಂಪ್ ಓಡಿಸುತ್ತಲೇ ಇರುತ್ತದೆ.

ಈ ತಪ್ಪಿಗೆ ಒಂದು ಗುರುತಿದೆ, ಅದನ್ನು ನೆನಪಿಟ್ಟುಕೊಳ್ಳಿ. ಇಂಟ್‌ನಲ್ಲಿ ಹಿಡಿಯುವ ಯಾವ ಸಂಖ್ಯೆಯನ್ನೇ ಆಗಲಿ 27,648ರಿಂದ ಭಾಗಿಸಿ ನೋಡಿ, ಉತ್ತರ -1, 0, 1, ಈ ಮೂರರಲ್ಲಿ ಒಂದೇ. ಬೇರೆ ಬರಲು ಸಾಧ್ಯವಿಲ್ಲ. ಸೈಟ್‌ನಿಂದ ಯಾರಾದರೂ ಫೋನ್ ಮಾಡಿ "ಸರ್, ಲೆವೆಲ್ ಬರೀ 0, 1, ಮೈನಸ್ 1 ಅಂತ ಕುಣೀತಿದೆ, ಟ್ರಾನ್ಸ್‌ಮಿಟರ್ ಹೋಗಿದೆ ಅನ್ಸುತ್ತೆ" ಅಂದರೆ, ಟ್ರಾನ್ಸ್‌ಮಿಟರ್ ಬಿಚ್ಚಬೇಡಿ ಅನ್ನಿ. ಮೊದಲು ಗುಣಾಕಾರ ಯಾವ ಟೈಪ್‌ನಲ್ಲಿ ಆಗುತ್ತಿದೆ ನೋಡಿ. ಚೆನ್ನಾಗಿರುವ ಟ್ರಾನ್ಸ್‌ಮಿಟರ್ ಬದಲಾಯಿಸಿ, ಹೊಸದರಲ್ಲೂ ಅದೇ ಬಂದು, ಕಾರ್ಡ್ ಬದಲಾಯಿಸುವ ಮಟ್ಟಕ್ಕೆ ಹೋಗುವುದು ಈ ಒಂದು ಸಾಲಿನಿಂದ.

ಇದನ್ನು ಸರಿ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು `#Level` ಟ್ಯಾಗ್ ಅನ್ನು ಡಿಂಟ್ ಮಾಡುತ್ತಾರೆ. ಡಿಂಟ್ ಅಂದರೆ 32 ಬಿಟ್, ಪ್ಲಸ್ ಮೈನಸ್ 214 ಕೋಟಿಯಷ್ಟು ಹಿಡಿಯುತ್ತದೆ. ಆದರೆ ಸ್ಕ್ರೀನ್ ಮೇಲೆ ಮತ್ತೆ 1 ಬರುತ್ತದೆ! ಯಾಕೆಂದರೆ ಬಲಗಡೆಯ ಲೆಕ್ಕ ಮೊದಲು ಮುಗಿಯುತ್ತದೆ, ಆಮೇಲೆ ಉತ್ತರ ಎಡಗಡೆಗೆ ಬರುತ್ತದೆ. ಗುಣಿಸುವ ಇಬ್ಬರೂ ಇಂಟ್ ಆಗಿದ್ದಾಗ ಲೆಕ್ಕ ಅಲ್ಲೇ ಕೆಟ್ಟಿರುತ್ತದೆ. ಕೆಟ್ಟ ಉತ್ತರವನ್ನು ದೊಡ್ಡ ಡಬ್ಬಿಗೆ ಹಾಕಿದರೆ ಅದು ಸರಿಯಾಗುವುದಿಲ್ಲ ಅಲ್ವಾ. ಇನ್ನು ಕೆಲವರು ಸಂಖ್ಯೆ ದೊಡ್ಡದಾಗದೇ ಇರಲಿ ಅಂತ ಮೊದಲು ಭಾಗಿಸಿ ಆಮೇಲೆ ಗುಣಿಸುತ್ತಾರೆ. 13,824 ಭಾಗಿಸು 27,648, ಇಂಟ್‌ನಲ್ಲಿ 0. ಸೊನ್ನೆಯನ್ನು 500ರಿಂದ ಗುಣಿಸಿದರೂ 0. ಟ್ಯಾಂಕ್ ತುಂಬುವವರೆಗೂ 0, ತುಂಬಿದ ಕ್ಷಣ ಒಮ್ಮೆಲೇ 500. ಇದೂ ಒಂದು ಗುರುತು.

ಸರಿಯಾದ ದಾರಿ, ಗುಣಿಸುವ ಮೊದಲೇ ಟೈಪ್ ದೊಡ್ಡದು ಮಾಡುವುದು.

```
#Level := INT_TO_DINT(#Raw) * #Height / #Full;
```

ಈಗ `#Level` ಡಿಂಟ್. ಗುಣಿಸುವವರಲ್ಲಿ ಒಬ್ಬರು ಡಿಂಟ್ ಆದರೆ ಲೆಕ್ಕ ಪೂರ್ತಿ ಡಿಂಟ್‌ನಲ್ಲಿ ನಡೆಯುತ್ತದೆ. 69,12,000 ಆರಾಮಾಗಿ ಹಿಡಿಯುತ್ತದೆ, ಉತ್ತರ 250. ದಶಮಾಂಶವೂ ಬೇಕು ಅಂದರೆ `NORM_X` ಮತ್ತು `SCALE_X` ಇದೆ, ದಶಮಾಂಶ ಹಿಡಿಯುವ ರಿಯಲ್ ಟೈಪ್‌ನಲ್ಲಿ ಕೆಲಸ ಮಾಡುತ್ತವೆ. ಹೊಸದಾಗಿ ಬರೆಯುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಓವರ್‌ಫ್ಲೋ ಆದಾಗ ಪಿಎಲ್‌ಸಿ ಏನಾದರೂ ಹೇಳಬಾರದಾ ಅಂತ ನಿಮಗೆ ಅನ್ನಿಸಬಹುದು. ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ರಾಕ್‌ವೆಲ್‌ನ ಹಳೇ ಎಸ್‌ಎಲ್‌ಸಿ 500ರಲ್ಲಿ ಗುಣಾಕಾರ ಓವರ್‌ಫ್ಲೋ ಆದರೆ `S:5/0` ಅನ್ನುವ ಬಿಟ್ ಆನ್ ಆಗುತ್ತದೆ. ಸ್ಕ್ಯಾನ್ ಮುಗಿಯುವಾಗಲೂ ಅದು ಆನ್ ಇದ್ದರೆ ಪ್ರೊಸೆಸರ್ ಫಾಲ್ಟ್ ಆಗಿ ಮೆಷಿನ್ ನಿಂತುಬಿಡುತ್ತದೆ. ಇದು ಕಿರಿಕಿರಿ ಅಂತ ಬಹಳ ಜನ ಲ್ಯಾಡರ್‌ನ ಕೊನೆಯಲ್ಲಿ ಆ ಬಿಟ್ ಅನ್ನು ಅನ್‌ಲ್ಯಾಚ್ ಮಾಡುವ ಒಂದು ರಂಗ್ ಸೇರಿಸುತ್ತಿದ್ದರು. ಹಳೇ ಪ್ರೋಗ್ರಾಮ್‌ಗಳಲ್ಲಿ ಈಗಲೂ ಸಿಗುತ್ತದೆ. ಅದು ಕಂಡರೆ ಸುಮ್ನೆ ದಾಟಿ ಹೋಗಬೇಡಿ. ಆ ಪ್ರೋಗ್ರಾಮ್‌ನಲ್ಲಿ ಎಲ್ಲೋ ಒಂದು ಲೆಕ್ಕ ಉಕ್ಕುತ್ತಿದೆ, ಯಾರೋ ಅದನ್ನು ಹುಡುಕದೆ ಬಾಯಿ ಮುಚ್ಚಿಸಿದ್ದಾರೆ ಅಂತ ಅರ್ಥ. ಎಸ್7-1200 ಹಾಗೆ ನಿಲ್ಲುವುದಿಲ್ಲ. ಸಿಪಿಯು ರನ್‌ನಲ್ಲೇ ಇರುತ್ತದೆ, ಕೆಂಪು ದೀಪ ಇಲ್ಲ. ಲ್ಯಾಡರ್ ಬ್ಲಾಕ್‌ನಲ್ಲಿ ಲೆಕ್ಕ ಸರಿಯಾಯ್ತಾ ಅಂತ ಹೇಳುವ `ENO` ಆನ್ ಮಾಡಿ ಇಟ್ಟಿದ್ದರೆ ಅದು ಫಾಲ್ಸ್ ಆಗುತ್ತದೆ. ಆದರೆ ಅದನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಲೆಕ್ಕ ಕೆಟ್ಟಾಗ ನಿಲ್ಲುವ ಮೆಷಿನ್ ನಮ್ಮ ಸಮಯ ತಿನ್ನುತ್ತದೆ ನಿಜ. ಆದರೆ ಸುಳ್ಳು ಲೆವೆಲ್ ನಂಬಿ ಓಡುವ ಪಂಪ್‌ಗಿಂತ ಅದೇ ವಾಸಿ ಅನ್ನುವವನು ನಾನು.

32,767ರ ಮಾತು ಬಾಕಿ ಇತ್ತು. ಟ್ರಾನ್ಸ್‌ಮಿಟರ್ ವೈರ್ ಕಟ್ ಆಯ್ತು ಅಂದುಕೊಳ್ಳಿ. ಕರೆಂಟ್ ಸೊನ್ನೆ. ಲೆವೆಲ್ ಸೊನ್ನೆ ಅಥವಾ ಮೈನಸ್ ತೋರಿಸಬೇಕು ಅಂತ ಅನ್ನಿಸುತ್ತದೆ. ಆದರೆ 4-20 ಸೆಟ್ಟಿಂಗ್‌ನಲ್ಲಿ ಎಸ್7-1200 ಕಾರ್ಡ್ ವೈರ್ ತುಂಡಾದಾಗ 32,767 ಕೊಡುತ್ತದೆ. `NORM_X` ಇದನ್ನು ತಡೆಯುವುದಿಲ್ಲ. 32,767 ಭಾಗಿಸು 27,648 ಅಂದರೆ 1.185, ಅದನ್ನು `SCALE_X` 592.6 ಸೆಂಟಿಮೀಟರ್ ಮಾಡಿ ಕೊಡುತ್ತದೆ. 5 ಮೀಟರ್ ಟ್ಯಾಂಕ್‌ನಲ್ಲಿ 592 ಸೆಂಟಿಮೀಟರ್ ನೀರು. ನಿಮ್ಮ ಸ್ಕೇಲಿಂಗ್‌ನಲ್ಲಿ ಪೂರ್ತಿ ರೇಂಜ್‌ನ 118.5 ಶೇಕಡಾ ಯಾವುದಾದರೂ ಸ್ಕ್ರೀನ್ ಮೇಲೆ ಅಲುಗಾಡದೆ ನಿಂತಿದ್ದರೆ ಅದು ಅಳತೆ ಅಲ್ಲ, ಹೆಚ್ಚಾಗಿ ತುಂಡಾದ ವೈರ್. ಇದನ್ನು ಸ್ಕೇಲ್ ಮಾಡುವ ಮೊದಲೇ ಹಿಡಿಯಬೇಕು. ಕಾರ್ಡ್ ಕೊಟ್ಟ ಇಂಟ್ 32,511ಕ್ಕಿಂತ ಜಾಸ್ತಿ ಆದರೆ ಅಲಾರ್ಮ್ ಕೊಡಿ, ಆ ಲೆವೆಲ್ ನಂಬಬೇಡಿ. ರಿಯಲ್ ಆದ ಮೇಲೆ ಅದೂ ಒಂದು ಮಾಮೂಲಿ ಸಂಖ್ಯೆಯ ಹಾಗೆ ಕಾಣುತ್ತದೆ, ಅದರ ವಿಶೇಷ ಅರ್ಥ ಕಳೆದುಹೋಗಿರುತ್ತದೆ.

ಎರಡನೇ ಸಿಗ್ನಲ್, ಎನರ್ಜಿ ಮೀಟರ್. ಮಾಡ್‌ಬಸ್‌ನಲ್ಲಿ ಅಳತೆಗಳು ಬರುವುದು 16 ಬಿಟ್ ರಿಜಿಸ್ಟರ್‌ಗಳಲ್ಲಿ. ಅದರೊಳಗೆ ಇರುವುದು ಯಾವ ಟೈಪ್ ಅಂತ ಆ ಬಿಟ್‌ಗಳು ಹೇಳುವುದಿಲ್ಲ. ಮೀಟರ್‌ನ ಮ್ಯಾನ್ಯುಯಲ್ ಓದಿ ನಾವೇ ಹೇಳಬೇಕು. ಸಣ್ಣ ಉದಾಹರಣೆ ಮೊದಲು. ಮೀಟರ್ 40,000 ಅಂತ ಕಳಿಸುತ್ತಿದೆ, ನೀವು ಇಂಟ್ ಟ್ಯಾಗ್‌ಗೆ ತಗೊಂಡಿದ್ದೀರಿ. ಸ್ಕ್ರೀನ್ ಮೇಲೆ -25,536. ಬಿಟ್‌ಗಳು ಸರಿಯಾಗೇ ಇವೆ, ಮೇಲಿನ ಬಿಟ್ ಅನ್ನು ನಾವು ಮೈನಸ್ ಅಂತ ಓದುತ್ತಿದ್ದೇವೆ. ಟ್ಯಾಗ್ ಅನ್ನು `UINT` ಮಾಡಿದರೆ ಮುಗೀತು. 32,767ರವರೆಗೆ ಚೆನ್ನಾಗಿ ಏರಿ, ಆಮೇಲೆ ಒಮ್ಮೆಲೇ ದೊಡ್ಡ ಮೈನಸ್‌ಗೆ ಬಿದ್ದು, ಅಲ್ಲಿಂದ ಮತ್ತೆ ಏರುತ್ತಾ ಬಂದರೆ ಇದೇ ಕಾರಣ.

ಜಾಸ್ತಿ ತಲೆ ತಿನ್ನುವುದು ರಿಯಲ್. ರಿಯಲ್‌ಗೆ 32 ಬಿಟ್ ಬೇಕು, ಹಾಗಾಗಿ ಎರಡು ರಿಜಿಸ್ಟರ್‌ನಲ್ಲಿ ಬರುತ್ತದೆ. ವೋಲ್ಟೇಜ್ 230.0 ಅನ್ನೋಣ. ರಿಯಲ್ ರೂಪದಲ್ಲಿ ಅದರ ಬಿಟ್‌ಗಳನ್ನು ಹೆಕ್ಸ್‌ನಲ್ಲಿ ಬರೆದರೆ `43660000`. ಮೊದಲ ರಿಜಿಸ್ಟರ್ `4366`, ಎರಡನೆಯದು `0000`. ಇವೆರಡನ್ನೂ ಜೋಡಿಸಿ ಒಂದು ಡಿಂಟ್‌ಗೆ ಹಾಕುತ್ತಾರೆ. ನನಗೆ ಬೇಕಾಗಿರುವುದು ರಿಯಲ್ ಅಲ್ವಾ ಅಂತ ಅದಕ್ಕೆ `DINT_TO_REAL` ಹಾಕುತ್ತಾರೆ. ಸ್ಕ್ರೀನ್ ಮೇಲೆ 113 ಕೋಟಿ ವೋಲ್ಟ್!

`DINT_TO_REAL` ತಪ್ಪು ಮಾಡಿಲ್ಲ. ಅದರ ಕೆಲಸ ಬೆಲೆಯನ್ನು ಬದಲಾಯಿಸುವುದು. ಡಿಂಟ್‌ನಲ್ಲಿ 113 ಕೋಟಿ ಇದ್ದರೆ ರಿಯಲ್‌ನಲ್ಲೂ 113 ಕೋಟಿಯನ್ನೇ ಕೊಡುತ್ತದೆ. ನಮಗೆ ಬೇಕಾಗಿದ್ದು ಬೇರೆ. ಬಿಟ್‌ಗಳು ಹೇಗಿವೆಯೋ ಹಾಗೇ ಇರಲಿ, ಅವನ್ನು ರಿಯಲ್ ಅಂತ ಓದು. ಟಿಐಎ ಪೋರ್ಟಲ್‌ನಲ್ಲಿ ಅದಕ್ಕೆ ರಿಜಿಸ್ಟರ್‌ಗಳನ್ನು 32 ಬಿಟ್‌ನ ಡಿವರ್ಡ್ ಆಗಿ ಜೋಡಿಸಿ `DWORD_TO_REAL` ಬಳಸಬೇಕು. ಅದು ಬಿಟ್‌ಗಳನ್ನು ಮುಟ್ಟುವುದಿಲ್ಲ. ಆದರೆ ಕೋಡೆಸಿಸ್ ಸಾಫ್ಟ್‌ವೇರ್ ಬಳಸುವವರು ಹುಷಾರಾಗಿರಿ. ಅಲ್ಲಿ ಇದೇ ಹೆಸರಿನ `DWORD_TO_REAL` ಬೆಲೆಯನ್ನೇ ಬದಲಾಯಿಸುತ್ತದೆ. ಅಲ್ಲಿ `UNION` ಮಾಡಿಕೊಂಡು ಅದೇ ಜಾಗವನ್ನು ರಿಯಲ್ ಅಂತ ಓದಬೇಕು. ಒಂದು ಕಡೆ ಕೆಲಸ ಮಾಡಿದ ಸಾಲನ್ನು ಇನ್ನೊಂದು ಕಡೆ ಹಾಗೇ ಇಳಿಸಿದರೆ ಮತ್ತೆ 113 ಕೋಟಿ ಬಂದು ಕೂರುತ್ತದೆ.

ಇನ್ನೊಂದು ಸಾಧ್ಯತೆ, ಮೀಟರ್ ಎರಡು ರಿಜಿಸ್ಟರ್‌ಗಳನ್ನು ಉಲ್ಟಾ ಕಳಿಸುವುದು. ಆಗ `00004366` ಅಂತ ಜೋಡಣೆಯಾಗುತ್ತದೆ. ಅದನ್ನು ರಿಯಲ್ ಅಂತ ಓದಿದರೆ ದಶಮಾಂಶದ ನಂತರ 40 ಸೊನ್ನೆ ಬಂದು ಆಮೇಲೆ ಅಂಕಿ ಶುರುವಾಗುವಷ್ಟು ಸಣ್ಣ ಸಂಖ್ಯೆ, ಸ್ಕ್ರೀನ್ ಮೇಲೆ 0.0. ಹಾಗಾಗಿ ಮೀಟರ್ ಸುಳ್ಳು ಹೇಳುತ್ತಿದೆ ಅನ್ನಿಸಿದಾಗ ಸಂಖ್ಯೆಯನ್ನೇ ಕೇಳಿ. ನೂರು ಕೋಟಿ ಆಸುಪಾಸಿನ ಬೆಲೆ ಬಂದರೆ ಬಿಟ್‌ಗಳನ್ನು ಬೆಲೆ ಅಂದುಕೊಂಡು ಬದಲಾಯಿಸಿದ್ದೀರಿ. ಕಮ್ಯುನಿಕೇಷನ್ ಸರಿ ಇದ್ದೂ 0.0 ಬಂದರೆ ರಿಜಿಸ್ಟರ್‌ಗಳನ್ನು ಅದಲುಬದಲು ಮಾಡಿ ನೋಡಿ. ವಾಚ್ ಟೇಬಲ್‌ನಲ್ಲಿ ಹೆಕ್ಸ್ ಹಾಕಿ ನೋಡಿದರೆ ಇನ್ನೂ ಬೇಗ ಗೊತ್ತಾಗುತ್ತದೆ. 230 ಆಸುಪಾಸಿನ ವೋಲ್ಟೇಜ್ ಯಾವಾಗಲೂ `43`ರಿಂದ ಶುರುವಾಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಇಷ್ಟೆಲ್ಲಾ ಯಾಕೆ, ಎಲ್ಲವನ್ನೂ ರಿಯಲ್ ಮಾಡಿಬಿಟ್ಟರೆ ಆಯ್ತಲ್ವಾ ಅಂತ. ರಿಯಲ್‌ನಲ್ಲಿ ಎಷ್ಟು ದೊಡ್ಡ ಸಂಖ್ಯೆ ಬೇಕಾದರೂ ಹಿಡಿಯುತ್ತದೆ, ಓವರ್‌ಫ್ಲೋ ಭಯ ಇಲ್ಲ. ತುಂಬಾ ಒಳ್ಳೇ ಪ್ರಶ್ನೆ. ಮೂರನೇ ಸಿಗ್ನಲ್ ಅದಕ್ಕೇ ಇಟ್ಟುಕೊಂಡಿದ್ದೇನೆ. ನನ್ನ ಲೆಕ್ಕದಲ್ಲಿ ಇವತ್ತಿನ ಮುಖ್ಯ ವಿಷಯವೂ ಇದೇ, ಯಾಕೆಂದರೆ ಇದು ಕಮಿಷನಿಂಗ್ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

ಫ್ಲೋ ಮೀಟರ್‌ನಿಂದ ಗಂಟೆಗೆ 2 ಘನ ಮೀಟರ್, ಅಂದರೆ 2,000 ಲೀಟರ್ ಅಂತ ಬರುತ್ತಿದೆ. ಒಟ್ಟು ಎಷ್ಟು ನೀರು ಹೋಯ್ತು ಅಂತ ಲೆಕ್ಕ ಬೇಕು. 100 ಮಿಲಿಸೆಕೆಂಡ್‌ಗೊಮ್ಮೆ ಓಡುವ `OB30` ಒಳಗೆ ಈ ಒಂದು ಸಾಲು.

```
#Total := #Total + #Flow / 36.0;
```

36 ಹೇಗೆ ಬಂತು ಅಂದರೆ, ಗಂಟೆಯಲ್ಲಿ ಇಂಥ 36,000 ಸುತ್ತು, ಒಂದು ಘನ ಮೀಟರ್‌ಗೆ 1,000 ಲೀಟರ್. ಪ್ರತಿ ಸುತ್ತಿಗೆ 2 ಭಾಗಿಸು 36, ಅಂದರೆ 0.05556 ಲೀಟರ್ ಸೇರುತ್ತದೆ. ಲೆಕ್ಕ ಪೂರ್ತಿ ಸರಿ. ಮೊದಲ ದಿನ ಡ್ರಮ್ ಇಟ್ಟು ಅಳೆದರೂ ಸರಿಯಾಗಿ ಬರುತ್ತದೆ. ಸಹಿ ಹಾಕಿಸಿಕೊಂಡು ಬರುತ್ತೀರಿ.

ರಿಯಲ್ ಒಳಗೆ ಏನಿದೆ ನೋಡಿ. 32 ಬಿಟ್‌ನಲ್ಲಿ ಒಂದು ಪ್ಲಸ್ ಮೈನಸ್‌ಗೆ, ಎಂಟು ದಶಮಾಂಶ ಬಿಂದು ಎಲ್ಲಿದೆ ಅನ್ನುವುದಕ್ಕೆ. ಅಂಕಿಗಳಿಗೆ ಸಿಗುವುದು 24 ಬಿಟ್‌ನಷ್ಟು ಜಾಗ. ಅಂದರೆ ನಮ್ಮ ಲೆಕ್ಕದಲ್ಲಿ ಏಳು ಅಂಕಿ, ಅಷ್ಟೇ. ಸಂಖ್ಯೆ ದೊಡ್ಡದಾದಷ್ಟೂ ಎಡಗಡೆ ಅಂಕಿ ಜಾಸ್ತಿ ಬೇಕು, ಬಲಗಡೆ ಅಂಕಿ ಉದುರುತ್ತಾ ಹೋಗುತ್ತವೆ. ರಿಯಲ್‌ನಲ್ಲಿ ಒಂದು ಸಂಖ್ಯೆಗೂ ಅದರ ಮುಂದಿನ ಸಂಖ್ಯೆಗೂ ನಡುವೆ ಅಂತರ ಇದೆ, ಆ ಅಂತರ ಬೆಳೆಯುತ್ತದೆ. 1,000ದ ಹತ್ತಿರ ಅಂತರ 0.00006. ಒಂದು ಲಕ್ಷದ ಹತ್ತಿರ 0.0078. ಹತ್ತು ಲಕ್ಷದ ಹತ್ತಿರ 0.0625. 10,48,576 ತಲುಪಿದ ಮೇಲೆ 0.125. 1,67,77,216 ದಾಟಿದ ಮೇಲೆ ಅಂತರ 2, ಅಂದರೆ ಬೆಸ ಸಂಖ್ಯೆಗಳೇ ಇಲ್ಲ.

ಈಗ ನಮ್ಮ ಟೋಟಲ್ ಹತ್ತು ಲಕ್ಷ ಲೀಟರ್ ಇದೆ ಅಂದುಕೊಳ್ಳಿ. 0.05556 ಸೇರಿಸಬೇಕು. ಆದರೆ ಅಲ್ಲಿ ಹೆಜ್ಜೆ 0.0625. ಅರ್ಧ ಹೆಜ್ಜೆಗಿಂತ ಜಾಸ್ತಿ ಇರುವುದರಿಂದ ಪೂರ್ತಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಂದರೆ ಪ್ರತಿ ಸುತ್ತಿಗೂ 0.05556 ಬದಲು 0.0625 ಸೇರುತ್ತಿದೆ, ಶೇಕಡಾ 12.5 ಜಾಸ್ತಿ. ಇದು ಶುರುವಾಗಿದ್ದು ಹತ್ತು ಲಕ್ಷದಲ್ಲಲ್ಲ. ಲೆಕ್ಕ ಹಾಕಿ ನೋಡಿದರೆ 1,31,072 ಲೀಟರ್ ದಾಟಿದಾಗಿನಿಂದಲೇ ಹೀಗೆ ಜಾಸ್ತಿ ಓದುತ್ತಿರುತ್ತದೆ. ಅದಕ್ಕೂ ಮೊದಲು ಸ್ವಲ್ಪ ದೂರ ಶೇಕಡಾ ಒಂದೂವರೆಯಷ್ಟು ಕಡಿಮೆ ಓದಿರುತ್ತದೆ. ಹಾಗೇ ಓಡಿ 10,48,576 ತಲುಪುತ್ತದೆ. ಈಗ ಹೆಜ್ಜೆ 0.125, ಅರ್ಧ ಹೆಜ್ಜೆ 0.0625. ನಮ್ಮ 0.05556 ಅದಕ್ಕಿಂತ ಕಡಿಮೆ. ಸೇರಿಸಿದ್ದು ಪೂರ್ತಿ ಕಳೆದುಹೋಗುತ್ತದೆ. ಟೋಟಲ್ ಅಲ್ಲೇ ನಿಲ್ಲುತ್ತದೆ. ನೀರು ಹರಿಯುತ್ತಿದೆ, ಫ್ಲೋ 2.0 ತೋರಿಸುತ್ತಿದೆ, ಟೋಟಲ್ ಮಾತ್ರ 10,48,576ರಲ್ಲಿ ಕಲ್ಲಿನ ಹಾಗೆ ಕೂತಿದೆ. ನಿಂತ ಹೊತ್ತಿಗೆ ನಿಜವಾಗಿ ಹೋಗಿದ್ದ ನೀರು ಸುಮಾರು 9,48,000 ಲೀಟರ್. ದಿನದ 24 ಗಂಟೆ ಓಡಿದರೆ ಇದೆಲ್ಲ ನಡೆಯುವುದು ಸುಮಾರು 20 ದಿನದಲ್ಲಿ.

ನಿಜವಾದ ಪ್ಲಾಂಟ್‌ನಲ್ಲಿ ಫ್ಲೋ ಒಂದೇ ಸಮ ಇರುವುದಿಲ್ಲ, ಅದರಿಂದ ಇನ್ನೂ ವಿಚಿತ್ರ ಆಗುತ್ತದೆ. ಅದೇ 10,48,576ರಲ್ಲಿ ಫ್ಲೋ 2.2 ಇದ್ದರೆ ಟೋಟಲ್ ನಿಂತೇ ಇರುತ್ತದೆ. 2.3ಕ್ಕೆ ಏರಿತು ಅನ್ನಿ, ಪ್ರತಿ ಸುತ್ತಿನ ಪಾಲು 0.0639, ಅರ್ಧ ಹೆಜ್ಜೆ ದಾಟಿತು, ಈಗ ಪೂರ್ತಿ 0.125 ಸೇರುತ್ತದೆ. ಅಂದರೆ ಗಂಟೆಗೆ 4.5 ಘನ ಮೀಟರ್ ಅಂತ ಲೆಕ್ಕ. ಒಮ್ಮೆ ನಿಲ್ಲುತ್ತದೆ, ಒಮ್ಮೆ ಎರಡರಷ್ಟು ಓಡುತ್ತದೆ. ಇಂಥದ್ದನ್ನು ನೋಡಿದವರು ಫ್ಲೋ ಮೀಟರ್ ಅನ್ನು ಕ್ಯಾಲಿಬ್ರೇಷನ್‌ಗೆ ಕಳಿಸುತ್ತಾರೆ. ಅದು ಚೆನ್ನಾಗಿದೆ ಅಂತ ಸರ್ಟಿಫಿಕೇಟ್ ಜೊತೆ ವಾಪಸ್ ಬರುತ್ತದೆ. ನೀರಿನ ಬಿಲ್ ಈ ಟೋಟಲ್ ಮೇಲೆ ಹಾಕುವ ಕಡೆ ಇದು ಎರಡು ಕಡೆಯವರ ಜಗಳವೇ ಆಗುತ್ತದೆ, ಮತ್ತು ಇಬ್ಬರ ಹತ್ತಿರವೂ ಸರಿಯಾದ ಸಂಖ್ಯೆ ಇರುವುದಿಲ್ಲ.

ಪರಿಹಾರ ಏನೆಂದರೆ ಸಣ್ಣದನ್ನು ಸಣ್ಣದರ ಜೊತೆ ಸೇರಿಸುವುದು. ಲೀಟರ್‌ನ ಚೂರುಗಳಿಗೆ ಒಂದು ರಿಯಲ್ ಇಡಿ. ಅದರಲ್ಲಿ ಪೂರ್ತಿ ಲೀಟರ್ ಆದಾಗ ಆ ಲೀಟರ್ ಅನ್ನು ಡಿಂಟ್ ಟೋಟಲ್‌ಗೆ ದಾಟಿಸಿ.

```
#Frac  := #Frac + #Flow / 36.0;
#Whole := TRUNC(#Frac);
#Frac  := #Frac - DINT_TO_REAL(#Whole);
#Total := #Total + #Whole;
```

`#Whole`, `#Total` ಎರಡೂ ಡಿಂಟ್. `#Frac` ಯಾವಾಗಲೂ ಒಂದರ ಆಸುಪಾಸಿನಲ್ಲೇ ಇರುತ್ತದೆ, ಅಲ್ಲಿ ರಿಯಲ್‌ನ ಹೆಜ್ಜೆ ಬಹಳ ಸಣ್ಣದು, 0.05556 ಕಳೆದುಹೋಗುವುದಿಲ್ಲ. ಡಿಂಟ್‌ನಲ್ಲಿ ಹೆಜ್ಜೆ ಯಾವಾಗಲೂ ಸರಿಯಾಗಿ 1. `#Frac` ಮತ್ತು `#Total` ಎರಡಕ್ಕೂ `Retain` ಹಾಕುವುದನ್ನು ಮರೆಯಬೇಡಿ, ಕರೆಂಟ್ ಹೋಗಿ ಬಂದಾಗ ಉಳಿಯಬೇಕು.

`TRUNC` ಯಾಕೆ, `REAL_TO_DINT` ಯಾಕಿಲ್ಲ? `TRUNC` ದಶಮಾಂಶವನ್ನು ಕತ್ತರಿಸುತ್ತದೆ. `REAL_TO_DINT` ಹತ್ತಿರದ ಪೂರ್ಣ ಸಂಖ್ಯೆಗೆ ಹೋಗುತ್ತದೆ. ಅದನ್ನು ಹಾಕಿದರೆ ಅರ್ಧ ಲೀಟರ್ ದಾಟುತ್ತಿದ್ದಂತೆ ಒಂದು ಲೀಟರ್ ಎಣಿಸಿ, `#Frac` ಮೈನಸ್ ಆಗುತ್ತದೆ. ಲೆಕ್ಕ ಕೊನೆಗೆ ಹೊಂದಿಕೊಂಡರೂ ಇನ್ನೂ ಬರದ ನೀರನ್ನು ಎಣಿಸಿದ ಹಾಗಾಗುತ್ತದೆ. ಸರಿಯಾಗಿ ನಡುವೆ ಇದ್ದಾಗ ಅದು ಸಮ ಸಂಖ್ಯೆಯ ಕಡೆ ಹೋಗುತ್ತದೆ ಅನ್ನುವುದೂ ತಿಳಿದಿರಲಿ. 2.5 ಕೊಟ್ಟರೆ 2, 3.5 ಕೊಟ್ಟರೆ 4. ಇದನ್ನು ನೋಡಿ ಸಿಪಿಯು ಕೆಟ್ಟಿದೆ ಅಂದುಕೊಳ್ಳಬೇಡಿ, ನಿಯಮವೇ ಹಾಗಿದೆ.

ಡಿಂಟ್‌ಗೂ ಕೊನೆ ಇದೆ, ಅದನ್ನು ಮೊದಲೇ ಲೆಕ್ಕ ಹಾಕಬೇಕು. ಗಂಟೆಗೆ 2,000 ಲೀಟರ್ ಆದರೆ 214 ಕೋಟಿ ತುಂಬಲು 122 ವರ್ಷ. ಯೋಚನೆ ಬೇಡ. ಇದೇ ಕೋಡ್ ಅನ್ನು ಗಂಟೆಗೆ 2,000 ಘನ ಮೀಟರ್ ಎತ್ತುವ ದೊಡ್ಡ ಪಂಪ್‌ಹೌಸ್‌ಗೆ ಕಾಪಿ ಮಾಡಿದರೆ? ಗಂಟೆಗೆ 20 ಲಕ್ಷ ಲೀಟರ್. 45 ದಿನಕ್ಕೆ ಮೊದಲೇ ಟೋಟಲ್ ಮೈನಸ್ 214 ಕೋಟಿಗೆ ತಿರುಗುತ್ತದೆ. ಅಲ್ಲಿ ಲೀಟರ್ ಬದಲು ಘನ ಮೀಟರ್‌ನಲ್ಲಿ ಎಣಿಸಬೇಕು. ಇದೇ ಕಾರಣಕ್ಕೆ ಪಂಪ್ ಓಡಿದ ಗಂಟೆಗಳನ್ನು `TIME` ಟೈಪ್‌ನಲ್ಲಿ ಸೇರಿಸುತ್ತಾ ಹೋಗುವುದೂ ಕೆಲಸಕ್ಕೆ ಬಾರದು. `TIME` ಒಳಗಿರುವುದು ಮಿಲಿಸೆಕೆಂಡ್ ಎಣಿಸುವ 32 ಬಿಟ್, 24 ದಿನ 20 ಗಂಟೆ 31 ನಿಮಿಷಕ್ಕೆ ತುಂಬಿಹೋಗುತ್ತದೆ. ಸೆಕೆಂಡ್‌ಗಳನ್ನು ಡಿಂಟ್‌ನಲ್ಲಿ ಎಣಿಸಿ, ತೋರಿಸುವಾಗ ಗಂಟೆ ಮಾಡಿ.

ಎಲ್‌ರಿಯಲ್ ಬಳಸಬಹುದಲ್ಲ ಅಂತ ಇನ್ನೊಬ್ಬರು ಕೇಳಿದರು. ಬಳಸಬಹುದು. ಎಸ್7-1200ರಲ್ಲಿ `LREAL` ಇದೆ, 64 ಬಿಟ್, ಹದಿನೈದು ಅಂಕಿಯಷ್ಟು ನಿಖರ. ಮೇಲಿನ ಒಂದೇ ಸಾಲಿನ ಕೋಡ್‌ನಲ್ಲಿ `#Total` ಅನ್ನು ಎಲ್‌ರಿಯಲ್ ಮಾಡಿದರೆ ಈ ಟ್ಯಾಂಕ್‌ನ ಆಯುಸ್ಸು ಮುಗಿಯುವವರೆಗೂ ತೊಂದರೆ ಬರುವುದಿಲ್ಲ. ಆದರೆ ಅದನ್ನು ಸ್ಕ್ರೀನ್‌ಗೋ ಇನ್ನೊಂದು ಪಿಎಲ್‌ಸಿಗೋ ಕಳಿಸುವಾಗ ಯಾರಾದರೂ ಮತ್ತೆ ರಿಯಲ್ ಮಾಡಿದರೆ, ನೋಡುವವರಿಗೆ ಸಿಗುವುದು ಏಳು ಅಂಕಿಯೇ. ನನಗೆ ಡಿಂಟ್ ದಾರಿಯೇ ಇಷ್ಟ. ಹೆಚ್ಚಿನ ಬ್ರ್ಯಾಂಡ್‌ಗಳಲ್ಲಿ ನಡೆಯುತ್ತದೆ, ಪೂರ್ಣ ಸಂಖ್ಯೆ ಎಲ್ಲಿಗೆ ಹೋದರೂ ಪೂರ್ಣವಾಗಿರುತ್ತದೆ.

ಟೋಟಲ್ ರಿಯಲ್‌ನಲ್ಲಿ ಇರುವ ಕಡೆ ಇನ್ನೊಂದು ತಪ್ಪು ಕಾಣುತ್ತದೆ. 500 ಲೀಟರ್ ಆದ ಮೇಲೆ ವಾಲ್ವ್ ಮುಚ್ಚಲು `IF #Total = 500.0` ಅಂತ ಬರೆದಿರುತ್ತಾರೆ. 0.05556ರ ಹೆಜ್ಜೆಯಲ್ಲಿ ಬರುವ ಟೋಟಲ್ ಸರಿಯಾಗಿ 500.0 ಮೇಲೆ ಕಾಲಿಡುವುದೇ ಇಲ್ಲ. ಒಂದು ಸುತ್ತಿನಲ್ಲಿ 500ಕ್ಕಿಂತ ಸ್ವಲ್ಪ ಕಡಿಮೆ ಇದ್ದು, ಮುಂದಿನ ಸುತ್ತಿನಲ್ಲಿ ಸ್ವಲ್ಪ ಜಾಸ್ತಿ ಆಗುತ್ತದೆ, ವಾಲ್ವ್ ತೆರೆದೇ ಇರುತ್ತದೆ. ರಿಯಲ್‌ನಲ್ಲಿ `=` ಬೇಡ, `>=` ಬರೆಯಿರಿ.

ಕೊನೆಗೆ, ನೀವು ಈಗಾಗಲೇ ಓಡಿಸುತ್ತಿರುವ ಟೋಟಲೈಜರ್‌ಗಳನ್ನು ನಾಳೆಯೇ ಪರೀಕ್ಷೆ ಮಾಡುವುದು ಹೇಗೆ ಅಂತ ಹೇಳಿಬಿಡುತ್ತೇನೆ. 20 ದಿನ ಕಾಯಬೇಕಾಗಿಲ್ಲ. ಪ್ಲಾಂಟ್‌ನವರಿಗೆ ಹೇಳಿ, ಈಗಿನ ಟೋಟಲ್ ಬರೆದಿಟ್ಟುಕೊಳ್ಳಿ. ವಾಚ್ ಟೇಬಲ್ ತೆರೆದು ಮಾಡಿಫೈ ಮಾಡಿ ಟೋಟಲ್‌ಗೆ 10,00,000 ಹಾಕಿ. ಫ್ಲೋ 2.0ರಲ್ಲಿ ಹಿಡಿದಿಟ್ಟು 10 ನಿಮಿಷ ಬಿಡಿ. 333 ಲೀಟರ್ ಏರಬೇಕು. 375 ಏರಿದ್ದರೆ ಒಳಗೆ ರಿಯಲ್ ಇದೆ. ಆಮೇಲೆ 20,00,000 ಹಾಕಿ ಮತ್ತೆ 10 ನಿಮಿಷ ನೋಡಿ. ರಿಯಲ್ ಆಗಿದ್ದರೆ ಒಂದು ಲೀಟರ್ ಕೂಡ ಏರುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಬರೆದಿಟ್ಟ ಹಳೇ ಟೋಟಲ್‌ಗೆ ಈ 20 ನಿಮಿಷದ 667 ಲೀಟರ್ ಸೇರಿಸಿ ವಾಪಸ್ ಹಾಕಿ.